ಆ್ಯಪಿನಲ್ಲಿ 52 ಲಕ್ಷ, ಡಿಮ್ಯಾಟಿನಲ್ಲಿ ಸೊನ್ನೆ

ದಾವಣಗೆರೆಯ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು ಎಂದಿಟ್ಟುಕೊಳ್ಳೋಣ. ಅವರು ಒಬ್ಬ ವ್ಯಕ್ತಿಯಲ್ಲ. ಸೈಬರ್ ಠಾಣೆಗಳಿಗೆ ದಿನವೂ ಬರುವ ದೂರುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಮೂಡುವ ಮುಖ ಅವರದು. ಹೆಸರು, ಊರು, ಮೊತ್ತ ಬದಲಾಗುತ್ತವೆ, ಕಥೆ ಬದಲಾಗುವುದಿಲ್ಲ.

ಮೇಷ್ಟ್ರು ಫೇಸ್‌ಬುಕ್ ನೋಡುತ್ತಿದ್ದಾಗ ಒಂದು ಜಾಹೀರಾತು ಬಂತು. ಹೆಸರುವಾಸಿ ಉದ್ಯಮಿಯೊಬ್ಬರು ಕ್ಯಾಮೆರಾ ನೋಡಿಕೊಂಡು, ತಾವೇ ಶುರುಮಾಡಿದ ಹೂಡಿಕೆ ಯೋಜನೆಯ ಬಗ್ಗೆ ಮಾತಾಡುತ್ತಿದ್ದರು. ಕೆಳಗಿನ ಗುಂಡಿ ಒತ್ತಿದರು. ಮರುನಿಮಿಷಕ್ಕೆ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿದ್ದರು. ಆ ವಿಡಿಯೋ ಕೃತಕವಾಗಿ ಹೆಣೆದದ್ದು ಎಂದು ಅವರಿಗೆ ತೋಚಲಿಲ್ಲ. ತೋಚದೇ ಇದ್ದವರಲ್ಲಿ ಅವರು ಮೊದಲಿಗರೂ ಅಲ್ಲ. 2024ರಲ್ಲಿ ಬೆಂಗಳೂರಿನ ಇಬ್ಬರು ನಾರಾಯಣ ಮೂರ್ತಿ ಮತ್ತು ಮುಕೇಶ್ ಅಂಬಾನಿ ಅವರ ಇಂಥ ನಕಲಿ ವಿಡಿಯೋಗಳನ್ನು ನಂಬಿ ಒಟ್ಟು ಸುಮಾರು 87 ಲಕ್ಷ ರೂಪಾಯಿ ಕಳೆದುಕೊಂಡರು. ಅದೇ ವರ್ಷ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಎನ್‌ಎಸ್‌ಇ, ತನ್ನ ಮುಖ್ಯಸ್ಥರೇ ಷೇರು ಶಿಫಾರಸು ಮಾಡುತ್ತಿರುವಂತೆ ತೋರಿಸುವ ವಿಡಿಯೋಗಳು ಸುಳ್ಳು ಎಂದು ಪ್ರಕಟಣೆ ಹೊರಡಿಸಬೇಕಾಯಿತು.

ಗುಂಪಿನಲ್ಲಿ ನೂರಾ ಎಂಬತ್ತು ಜನ. ಎಲ್ಲರೂ 'ಪ್ರೊಫೆಸರ್' ಎಂದು ಕರೆಯುವ ಒಬ್ಬರು ದಿನಕ್ಕೆರಡು ಬಾರಿ ಮಾರುಕಟ್ಟೆಯ ಪಾಠ ಮಾಡುತ್ತಿದ್ದರು. ಅವರಿಗೊಬ್ಬಳು ಸಹಾಯಕಿ. ಬೆಳಿಗ್ಗೆ 'ಸುಪ್ರಭಾತ' ಕಳಿಸುವವಳು, ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸುವವಳೂ ಅವಳೇ. ಸಂಜೆಯಾದರೆ ಸದಸ್ಯರು ಒಬ್ಬರ ಮೇಲೊಬ್ಬರು ಲಾಭದ ಸ್ಕ್ರೀನ್‌ಶಾಟ್ ಹಾಕುತ್ತಿದ್ದರು. 'ಮಗಳ ಮದುವೆ ಖರ್ಚು ಬಂತು ಪ್ರೊಫೆಸರ್' ಎಂದು ಒಬ್ಬರು, 'ಮನೆ ಸಾಲ ತೀರಿತು' ಎಂದು ಇನ್ನೊಬ್ಬರು. ಇಂಥ ಗುಂಪುಗಳಲ್ಲಿ ನಿಜವಾದ ಹೂಡಿಕೆದಾರರು ಬೆರಳೆಣಿಕೆಯಷ್ಟು. ಉಳಿದ ನಂಬರುಗಳೆಲ್ಲ ವಂಚಕರವೇ. ಮೇಷ್ಟ್ರು ಮೂರು ವಾರ ಸುಮ್ಮನೆ ನೋಡಿದರು. ಸುಮ್ಮನೆ ನೋಡಿದ್ದರಿಂದಲೇ ನಂಬಿಕೆ ಬಲಿಯಿತು: ತನಗೆ ಯಾರೂ ಏನನ್ನೂ ಮಾರುತ್ತಿಲ್ಲ, ತಾನೇ ಪರೀಕ್ಷಿಸುತ್ತಿದ್ದೇನೆ ಎನ್ನುವ ಭಾವನೆ.

ಈ ಗುಂಪುಗಳು ಮಾರುವ ಸರಕು ಒಂದೇ, ಒಳಸುದ್ದಿ. 'ನಾಳೆ ಈ ಕಂಪನಿಗೆ ದೊಡ್ಡ ಗುತ್ತಿಗೆ ಸಿಗಲಿದೆ, ನಮ್ಮವರೇ ಒಳಗಿದ್ದಾರೆ.' ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಂಪನಿಯ ಪ್ರಕಟವಾಗದ ಬೆಲೆಸೂಕ್ಷ್ಮ ಮಾಹಿತಿ ಇಟ್ಟುಕೊಂಡು ಷೇರು ವಹಿವಾಟು ಮಾಡುವುದು ಭಾರತದಲ್ಲಿ ಅಪರಾಧ. ಸೆಬಿ ಕಾಯ್ದೆಯಡಿ ಅದಕ್ಕೆ ಕನಿಷ್ಠ ದಂಡವೇ 10 ಲಕ್ಷ ರೂಪಾಯಿ. ಗರಿಷ್ಠ 25 ಕೋಟಿ ಅಥವಾ ಗಳಿಸಿದ ಲಾಭದ ಮೂರು ಪಟ್ಟು, ಯಾವುದು ಹೆಚ್ಚೋ ಅದು. ಸುದ್ದಿ ಕೊಟ್ಟವರಷ್ಟೇ ಅಲ್ಲ, ಅದನ್ನು ಪಡೆದು ಷೇರು ಕೊಂಡವರೂ ಸಿಕ್ಕಿಬೀಳುತ್ತಾರೆ. ನಿಜವಾಗಿ ಒಳಸುದ್ದಿ ಇರುವವನು ಅದನ್ನು ನೂರಾ ಎಂಬತ್ತು ಅಪರಿಚಿತರಿಗೆ ಬರವಣಿಗೆಯಲ್ಲಿ ಕೊಟ್ಟು ಸಾಕ್ಷಿ ಉಳಿಸುವಷ್ಟು ದಡ್ಡನಾಗಿರುವುದಿಲ್ಲ. ಆದರೂ ಈ ಆಮಿಷ ಕೆಲಸ ಮಾಡುತ್ತದೆ, ಅದೂ ಎರಡು ರೀತಿಯಲ್ಲಿ. ತನಗೆ ಮಾತ್ರ ಗೊತ್ತಿದೆ ಎನ್ನುವ ಹಿಗ್ಗು ಒಂದು. ಇನ್ನೊಂದು, ಇದು ಪೂರ್ತಿ ಸರಿಯಲ್ಲ ಎನ್ನುವ ಅಳುಕು. ಆ ಅಳುಕಿನಿಂದಲೇ ಜನ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಮೇಷ್ಟ್ರೂ ಬಿಡಲಿಲ್ಲ.

ನಾಲ್ಕನೇ ವಾರ ಸಹಾಯಕಿ ಒಂದು ಲಿಂಕ್ ಕಳಿಸಿದಳು. ದೇಶದ ದೊಡ್ಡ ಬ್ರೋಕರ್ ಸಂಸ್ಥೆಯೊಂದರ ಹೆಸರಿಗೆ 'ಪ್ರೊ' ಎಂಬ ಬಾಲ ಹಚ್ಚಿದ ಆ್ಯಪ್. ಪ್ಲೇ ಸ್ಟೋರಿನಲ್ಲಿ ಯಾಕಿಲ್ಲ ಎಂದು ಮೇಷ್ಟ್ರು ಕೇಳಿದ್ದಕ್ಕೆ, 'ಇದು ಇನ್‌ಸ್ಟಿಟ್ಯೂಷನಲ್ ಅಕೌಂಟ್ ಸರ್, ಸಾರ್ವಜನಿಕರಿಗೆ ಅಲ್ಲ' ಎಂಬ ಉತ್ತರ. ವಿದೇಶಿ ಹೂಡಿಕೆ ಸಂಸ್ಥೆಯ ಖಾತೆಯಡಿ ಇವರಿಗೊಂದು ಉಪಖಾತೆ, ಅದರಲ್ಲಿ ಮಾರುಕಟ್ಟೆ ಬೆಲೆಗಿಂತ ಶೇ 10 ಕಡಿಮೆಗೆ ಷೇರು, ಬೇರೆಯವರಿಗೆ ಸಿಗದ ಐಪಿಒ ಹಂಚಿಕೆ. ಡಿಮ್ಯಾಟ್ ಖಾತೆಯೂ ಬೇಡವಂತೆ.

ಇದರಲ್ಲಿ ಒಂದು ಮಾತೂ ನಿಜವಲ್ಲ. ಸೆಬಿ 2024ರ ಫೆಬ್ರುವರಿಯಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು: ವಿದೇಶಿ ಹೂಡಿಕೆದಾರರ ದಾರಿ, ಕೆಲವು ಸೀಮಿತ ವಿನಾಯಿತಿ ಬಿಟ್ಟರೆ, ಭಾರತದ ನಿವಾಸಿಗಳಿಗೆ ತೆರೆದಿಲ್ಲ. ಡಿಮ್ಯಾಟ್ ಮತ್ತು ಟ್ರೇಡಿಂಗ್ ಖಾತೆ ಇಲ್ಲದೆ ಷೇರು ಕೊಳ್ಳಲು ಬಿಡುವ 'ಇನ್‌ಸ್ಟಿಟ್ಯೂಷನಲ್ ಅಕೌಂಟ್' ಎಂಬುದೇ ವ್ಯವಸ್ಥೆಯಲ್ಲಿಲ್ಲ. ದೊಡ್ಡ ಸಂಸ್ಥೆಗಳು ಪರಸ್ಪರ ಮಾಡುವ ಬ್ಲಾಕ್ ಡೀಲ್ ಎಂಬುದು ಇರುವುದು ಹೌದು. ಆದರೆ ಅಲ್ಲಿ ಒಂದು ವಹಿವಾಟಿನ ಕನಿಷ್ಠ ಗಾತ್ರವೇ ಕೋಟಿಗಳ ಲೆಕ್ಕದ್ದು, ಬೆಲೆಯೂ ಮಾರುಕಟ್ಟೆ ಬೆಲೆಯ ಆಸುಪಾಸಿನ ಕಿರಿದಾದ ಮಿತಿಯೊಳಗೇ ಇರಬೇಕು. ಶೇ 10ರ ರಿಯಾಯಿತಿಗೆ ಅಲ್ಲಿ ಜಾಗವಿಲ್ಲ.

ಮೇಷ್ಟ್ರು ಮೊದಲು 10,000 ರೂಪಾಯಿ ಹಾಕಿದರು. ನಾಲ್ಕು ದಿನಕ್ಕೆ ಆ್ಯಪಿನಲ್ಲಿ ಅದು 11,400 ಆಯಿತು. ಪರೀಕ್ಷೆಗೆಂದು 2,000 ವಾಪಸ್ ಕೇಳಿದರು. ಅರ್ಧ ಗಂಟೆಯಲ್ಲಿ ಬ್ಯಾಂಕಿಗೆ ಬಂತು! ಅಲ್ಲಿಗೆ ಸಂಶಯ ಸತ್ತಿತು. ಆ 2,000 ಎಲ್ಲಿಂದ ಬಂತು ಎಂದು ಪಾಸ್‌ಬುಕ್ ನೋಡಿದ್ದರೆ ಬ್ರೋಕರ್ ಸಂಸ್ಥೆಯ ಹೆಸರಿರುತ್ತಿರಲಿಲ್ಲ, ಯಾವುದೋ ಊರಿನ ಯಾರದೋ ಉಳಿತಾಯ ಖಾತೆ ಇರುತ್ತಿತ್ತು. ಅವರು ಮೊತ್ತ ನೋಡಿದರು, ಹೆಸರು ನೋಡಲಿಲ್ಲ.

ಆಮೇಲೆ 50,000. ಆಮೇಲೆ 3 ಲಕ್ಷ. ಪ್ರತಿ ಬಾರಿಯೂ ಹಣ ಹಾಕಲು ಬೇರೆ ಬೇರೆ ಖಾತೆ ಸಂಖ್ಯೆ. ಒಮ್ಮೆ ಯಾವುದೋ ಟ್ರೇಡರ್ಸ್, ಇನ್ನೊಮ್ಮೆ ಯಾವುದೋ ಗಾರ್ಮೆಂಟ್ಸ್. 'ತೆರಿಗೆ ಉಳಿಸಲು ಹೀಗೆ ಮಾಡ್ತೀವಿ ಸರ್' ಎಂದಳು ಸಹಾಯಕಿ. ಇಡೀ ವಂಚನೆಯಲ್ಲಿ ಮುಚ್ಚಿಡಲಾಗದ ಎಳೆ ಇದೊಂದೇ. ಆ್ಯಪನ್ನು ಎಷ್ಟು ಚಂದವಾಗಿ ಬೇಕಾದರೂ ಕಟ್ಟಬಹುದು. ಷೇರುಗಳ ನಿಜವಾದ ಬೆಲೆಯನ್ನೇ ಅದರಲ್ಲಿ ಕ್ಷಣಕ್ಷಣಕ್ಕೂ ತೋರಿಸಬಹುದು. ಟಿವಿಯಲ್ಲಿ ಕಾಣುವ ಬೆಲೆಗೂ ಆ್ಯಪಿನ ಬೆಲೆಗೂ ತಾಳೆ ಬೀಳುವುದರಿಂದ ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ 'ಕೊಳ್ಳಿ' ಎಂಬ ಗುಂಡಿ ಯಾವ ವಿನಿಮಯ ಕೇಂದ್ರಕ್ಕೂ ಹೋಗುವುದಿಲ್ಲ. ಅದು ಒತ್ತಿದಾಗ ಬದಲಾಗುವುದು ವಂಚಕರ ಕಂಪ್ಯೂಟರಿನಲ್ಲಿರುವ ಒಂದು ಅಂಕಿ ಮಾತ್ರ. ಹಣಕ್ಕಾದರೂ ನಿಜವಾದ ಬ್ಯಾಂಕ್ ಖಾತೆ ಬೇಕೇ ಬೇಕು, ಬ್ರೋಕರ್ ಹೆಸರಿನ ಖಾತೆ ವಂಚಕರ ಕೈಯಲ್ಲಿಲ್ಲ. ಕಮಿಷನ್ ಆಸೆಗೆ ತಮ್ಮ ಖಾತೆ, ಎಟಿಎಂ ಕಾರ್ಡು, ಸಿಮ್ಮು ಎಲ್ಲ ಬಾಡಿಗೆಗೆ ಕೊಟ್ಟವರ ಖಾತೆಗಳೇ ಅವರಿಗೆ ಗತಿ. ಅದಕ್ಕೇ ಹೆಸರು ದಿನಕ್ಕೊಂದು.

ಐದನೇ ವಾರ ಐಪಿಒ ಬಂತು. 450 ರೂಪಾಯಿ ಬೆಲೆಯ, 33 ಷೇರುಗಳ ಒಂದು ಲಾಟ್‌ಗೆ, ಅಂದರೆ 14,850 ರೂಪಾಯಿಗೆ ಮೇಷ್ಟ್ರು ಅರ್ಜಿ ಹಾಕಿದರು. ಮೂರನೇ ದಿನ ಸಹಾಯಕಿಯ ಸಂದೇಶ: 'ಅಭಿನಂದನೆ ಸರ್! ನಿಮಗೆ 4,200 ಷೇರು ಹಂಚಿಕೆಯಾಗಿದೆ.' ಸಂಜೆಯೊಳಗೆ 18,90,000 ರೂಪಾಯಿ ಕಟ್ಟಬೇಕು. ಕಟ್ಟದಿದ್ದರೆ ಖಾತೆ ಸ್ಥಗಿತ, ಹಾಕಿದ್ದೂ ಹೋಯಿತು, ಮೇಲೆ ಸೆಬಿಯಿಂದ ನೋಟಿಸು.

4,200 ಎಂಬ ಸಂಖ್ಯೆ 33ರಿಂದ ಭಾಗವಾಗುವುದಿಲ್ಲ ಎಂದು ಮೂವತ್ತು ವರ್ಷ ಗಣಿತ ಹೇಳಿಕೊಟ್ಟವರಿಗೂ ಹೊಳೆಯಲಿಲ್ಲ. ಗಡುವು ಮಾಡುವ ಕೆಲಸ ಅದು. ಅಸಲಿ ಐಪಿಒದಲ್ಲಿ ಕೇಳಿದ್ದಕ್ಕಿಂತ ಒಂದು ಷೇರೂ ಹೆಚ್ಚು ಸಿಗುವುದಿಲ್ಲ. ಜನ ಮುಗಿಬಿದ್ದ ಐಪಿಒದಲ್ಲಿ ಸಣ್ಣ ಹೂಡಿಕೆದಾರರಿಗೆ ಒಂದು ಲಾಟ್ ಸಿಗುವುದೂ ಲಾಟರಿ ಎತ್ತಿದ ಹಾಗೆ. ಅವರು ಆ ವರ್ಗದಲ್ಲಿ 2 ಲಕ್ಷ ರೂಪಾಯಿ ಮೀರಿ ಅರ್ಜಿ ಹಾಕುವಂತೆಯೇ ಇಲ್ಲ. ಇನ್ನೂ ಮುಖ್ಯವಾದದ್ದು, ಅರ್ಜಿಯ ಹಣ ಯಾರ ಖಾತೆಗೂ ಹೋಗುವುದಿಲ್ಲ. ಅರ್ಜಿದಾರರ ಸ್ವಂತ ಬ್ಯಾಂಕ್ ಖಾತೆಯಲ್ಲೇ ತಡೆಹಿಡಿದಿರುತ್ತದೆ. ಷೇರು ಸಿಕ್ಕರೆ ಮಾತ್ರ ಕಡಿತ, ಸಿಗದಿದ್ದರೆ ತಡೆ ತೆರವು. ಹಂಚಿಕೆಯಾದ ಮೇಲೆ 'ಉಳಿದದ್ದು ಕಟ್ಟಿ' ಎನ್ನುವ ಪ್ರಸಂಗವೇ ಅಲ್ಲಿ ಬರುವುದಿಲ್ಲ.

ಮೇಷ್ಟ್ರು ಎಫ್‌ಡಿ ಮುರಿಸಿದರು, ಸಾಲದ್ದಕ್ಕೆ ಹೆಂಡತಿಯ ಬಳೆ ಅಡವಿಟ್ಟರು. ಬ್ಯಾಂಕಿನ ಗುಮಾಸ್ತೆ 'ಇಷ್ಟೊಂದು ದುಡ್ಡು ಯಾಕೆ ಸರ್' ಎಂದು ಕೇಳಿದ್ದಕ್ಕೆ, ಸಹಾಯಕಿ ಮೊದಲೇ ಹೇಳಿಕೊಟ್ಟಿದ್ದಂತೆ 'ಮನೆ ಕಟ್ಟಿಸ್ತಿದೀವಿ' ಎಂದರು. ಈಗ ಅವರು ಹಾಕಿದ್ದು ಒಟ್ಟು 22,50,000. ಐಪಿಒ ಷೇರು 1,050 ರೂಪಾಯಿಗೆ 'ಪಟ್ಟಿಯಾಯಿತು'. ಹಳೆಯ ಷೇರುಗಳೂ ಸೇರಿ ಆ್ಯಪ್ ತೋರಿಸಿದ ಮೊತ್ತ 52,50,000. ಲಾಭ 30 ಲಕ್ಷ. ಸಾಕು, ತೆಗೆದುಬಿಡೋಣ ಎಂದು ನಿರ್ಧರಿಸಿದರು.

'ಅಲ್ಪಾವಧಿ ಬಂಡವಾಳ ಲಾಭದ ಮೇಲೆ ಶೇ 20 ತೆರಿಗೆ ಸರ್. 6 ಲಕ್ಷ ಮೊದಲು ಕಟ್ಟಿ, ಆಮೇಲೆ ಪೂರ್ತಿ ಹಣ ಬರುತ್ತೆ.'

ಸುಳ್ಳಿನ ಹಿಟ್ಟಿಗೆ ಒಂದು ಚಿಟಿಕೆ ನಿಜ ಬೆರೆಸುವುದು ಹೀಗೆ. 2024ರ ಜುಲೈ 23ರಿಂದ ಷೇರುಗಳ ಅಲ್ಪಾವಧಿ ಲಾಭದ ತೆರಿಗೆ ಶೇ 20 ಎಂಬುದು ಸತ್ಯವೇ. ಹುಡುಕಿ ನೋಡಿದವರಿಗೂ ಅದೇ ಉತ್ತರ ಸಿಗುತ್ತದೆ. ಆದರೆ ಆ ತೆರಿಗೆಯನ್ನು ಹೂಡಿಕೆದಾರರು ಆದಾಯ ತೆರಿಗೆ ಇಲಾಖೆಗೆ ತಾವೇ ಕಟ್ಟುತ್ತಾರೆ. ಭಾರತದ ನಿವಾಸಿಗಳಿಂದ ಬ್ರೋಕರ್ ಅದನ್ನು ವಸೂಲಿ ಮಾಡುವುದೂ ಇಲ್ಲ, ಕಟ್ಟುವ ತನಕ ಹಣ ಹಿಡಿದಿಟ್ಟುಕೊಳ್ಳುವುದೂ ಇಲ್ಲ. 'ನನ್ನ 52 ಲಕ್ಷದಲ್ಲೇ 6 ಲಕ್ಷ ಮುರಿದುಕೊಂಡು ಉಳಿದದ್ದು ಕೊಡಿ' ಎಂದು ಮೇಷ್ಟ್ರು ಕೇಳಿದರು. 'ಸೆಬಿ ನಿಯಮದಲ್ಲಿ ಅವಕಾಶವಿಲ್ಲ' ಎಂದಳು ಸಹಾಯಕಿ. ಕಾರಣ ಸರಳ. ಮುರಿದುಕೊಳ್ಳಲು ಅಲ್ಲಿ 52 ಲಕ್ಷ ಇರಲಿಲ್ಲ. ಒಂದು ವೇಳೆ ಈ 6 ಲಕ್ಷ ಬಂದಿದ್ದರೆ ಮುಂದೆ ಸೇವಾ ಶುಲ್ಕ, ಅದರ ಮುಂದೆ ಖಾತೆ ತೆರವಿನ ಠೇವಣಿ, ಹೀಗೆ ಮೇಷ್ಟ್ರು ಬರಿದಾಗುವ ತನಕ ಸಾಲು ಮುಂದುವರಿಯುತ್ತಿತ್ತು.

ಇಂಥ ಬಲೆಗೆ ಬೀಳುವವರು ತಿಳಿಯದವರು ಎಂದುಕೊಂಡರೆ ತಪ್ಪು. 2025ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಪ್ರಕರಣದಲ್ಲಿ ಸುಮಾರು 8 ಕೋಟಿ ರೂಪಾಯಿ ಕಳೆದುಕೊಂಡವರು ಪಂಜಾಬ್ ಪೊಲೀಸಿನ ನಿವೃತ್ತ ಐಜಿ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರದ ಲೆಕ್ಕದಂತೆ, 2024ರ ಮೊದಲ ನಾಲ್ಕೇ ತಿಂಗಳಲ್ಲಿ ಟ್ರೇಡಿಂಗ್ ವಂಚನೆಗಳಿಂದ ಜನ ಕಳೆದುಕೊಂಡದ್ದು 1,420 ಕೋಟಿ. ಗುಂಪಿನ ಆ ಬದಿಯಲ್ಲಿ ಕೂತವರದ್ದೂ ಒಂದು ಕಥೆಯಿದೆ. ಇಂಥ ದಂಧೆಯ ದೊಡ್ಡ ಪಾಲು ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ಗಳ ಬೇಲಿ ಹಾಕಿದ ಆವರಣಗಳಿಂದ ನಡೆಯುತ್ತದೆ. ಡೇಟಾ ಎಂಟ್ರಿ ಕೆಲಸ ಎಂದು ನಂಬಿ ಹೋದ ಭಾರತದ ಹುಡುಗರನ್ನೇ ಅಲ್ಲಿ ಕೂಡಿಹಾಕಿ ಮೆಸೇಜು ಟೈಪ್ ಮಾಡಿಸುತ್ತಾರೆ. 2025ರ ಮಾರ್ಚಿನಲ್ಲಿ ಅಂಥ 549 ಜನರನ್ನು ಭಾರತೀಯ ವಾಯುಪಡೆಯ ವಿಮಾನಗಳು ಥಾಯ್ಲೆಂಡ್ ಮೂಲಕ ವಾಪಸ್ ಕರೆತಂದವು. 'ಮೊಣಕಾಲು ನೋವು ಹೇಗಿದೆ' ಎಂದು ಕೇಳಿದ ಸಹಾಯಕಿ ಕೂಡ ಮೀಸೆ ಚಿಗುರುತ್ತಿದ್ದ ಅಂಥ ಒಬ್ಬ ಹುಡುಗನೇ ಇರಬಹುದು.

6 ಲಕ್ಷ ಸಾಲ ಕೇಳಲು ಮೇಷ್ಟ್ರು ಬೆಂಗಳೂರಿನಲ್ಲಿದ್ದ ಮಗಳಿಗೆ ಫೋನ್ ಮಾಡಿದರು. ಅವಳು ಕೇಳಿದ್ದು ಒಂದೇ ಪ್ರಶ್ನೆ.

'ಅಪ್ಪಾಜಿ, ದುಡ್ಡು ಕಾಣ್ತದೆ, ಸರಿ. ಷೇರು ಎಲ್ಲಿ ಅದಾವೆ?'

ಷೇರು ಇರುವುದು ಬ್ರೋಕರ್ ಹತ್ತಿರ ಅಲ್ಲ, ಆ್ಯಪಿನಲ್ಲಂತೂ ಅಲ್ಲವೇ ಅಲ್ಲ. ದೇಶದಲ್ಲಿ ಡಿಮ್ಯಾಟ್ ಷೇರುಗಳನ್ನು ಇಡುವ ಕಣಜಗಳು ಎರಡೇ, ಎನ್‌ಎಸ್‌ಡಿಎಲ್ ಮತ್ತು ಸಿಡಿಎಸ್‌ಎಲ್. ಬ್ರೋಕರ್ ಅಲ್ಲಿಗೆ ಹೋಗುವ ಬಾಗಿಲು ಮಾತ್ರ. ಇವತ್ತು ಕೊಂಡ ಷೇರು ಮುಂದಿನ ವಹಿವಾಟಿನ ದಿನ ಕೊಂಡವರ ಡಿಮ್ಯಾಟ್ ಖಾತೆಗೆ ಸೇರಬೇಕು. 2023ರ ಜನವರಿಯಿಂದ ಇಡೀ ಮಾರುಕಟ್ಟೆಗೆ ಇದೇ ಲೆಕ್ಕ. ಈ ಎರಡು ಕಣಜಗಳ ಸ್ವಂತ ಜಾಲತಾಣಗಳಿಗೆ ಹೂಡಿಕೆದಾರರು ಬ್ರೋಕರ್ ಹಂಗಿಲ್ಲದೆ ನೇರವಾಗಿ ಲಾಗಿನ್ ಆಗಬಹುದು. ವಹಿವಾಟು ನಡೆದ ತಿಂಗಳು ಪ್ಯಾನ್ ಆಧಾರದ ಒಟ್ಟು ಲೆಕ್ಕಪಟ್ಟಿಯೂ ಇಮೇಲಿಗೆ ಬರುತ್ತದೆ. ಆ್ಯಪಿನಲ್ಲಿರುವ ಷೇರು ಅಲ್ಲಿ ಇಲ್ಲವೆಂದರೆ ಆ ಷೇರು ಎಲ್ಲಿಯೂ ಇಲ್ಲ. ಇದು ಹಣ ಹಾಕಿದ ಮೇಲೆ ಮಾಡುವ ಪರೀಕ್ಷೆ, ನಿಜ. 10,000 ಹಾಕಿದ ಮರುದಿನವೇ ಮೇಷ್ಟ್ರು ಅದನ್ನು ಮಾಡಿದ್ದರೆ ನಷ್ಟ ಅಲ್ಲಿಗೇ ನಿಲ್ಲುತ್ತಿತ್ತು.

ಹಣ ಹಾಕುವ ಮೊದಲೇ ತಿಳಿಯುವ ದಾರಿಯೂ ಇದೆ, ಆದರೆ ಅದರಲ್ಲೊಂದು ಗುಂಡಿ ಇದೆ. ಸೆಬಿಯಲ್ಲಿ ನೋಂದಾಯಿತ ಷೇರು ಬ್ರೋಕರ್‌ಗಳ ಸಂಖ್ಯೆ `INZ` ಎಂದು ಶುರುವಾಗುತ್ತದೆ, ಹೂಡಿಕೆ ಸಲಹೆಗಾರರದು `INA`, ಷೇರು ವಿಶ್ಲೇಷಕರದು `INH`. ಇವೆಲ್ಲ `sebi.gov.in` ತಾಣದ ಪಟ್ಟಿಯಲ್ಲಿವೆ. ಮೇಷ್ಟ್ರು ಇದನ್ನು ಮಾಡಿದ್ದರು! ಸಹಾಯಕಿ ಕಳಿಸಿದ ಪ್ರಮಾಣಪತ್ರದ ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕಿದ್ದರು, ಸಿಕ್ಕಿತ್ತು. ಸಿಗದೇ ಏನು? ಅದು ಅಸಲಿ ಬ್ರೋಕರ್‌ನ ಅಸಲಿ ಸಂಖ್ಯೆ. ವಂಚಕರು ಅದನ್ನೇ ನಕಲು ಮಾಡಿ ತಮ್ಮ ಪತ್ರದಲ್ಲಿ ಅಂಟಿಸಿದ್ದರು. ಸಂಖ್ಯೆ ನಿಜವಾದ ಮಾತ್ರಕ್ಕೆ ಸಂಖ್ಯೆ ತೋರಿಸಿದವನು ನಿಜವಾಗುವುದಿಲ್ಲ.

ಹಾಗಾಗಿ ಹುಡುಕಾಟ ತಿರುಗುಮುರುಗಾಗಬೇಕು. ಕಳಿಸಿದವರ ಕಾಗದದಿಂದ ಸೆಬಿಗೆ ಹೋಗುವುದಲ್ಲ, ಸೆಬಿ ಪಟ್ಟಿಯಿಂದ ಬ್ರೋಕರ್ ಕಡೆಗೆ ಬರಬೇಕು. ಪಟ್ಟಿಯಲ್ಲಿ ಸಂಸ್ಥೆಯ ವಿಳಾಸ, ಇಮೇಲ್, ಫೋನ್ ಇರುತ್ತವೆ. ಅದೇ ಇಮೇಲಿಗೋ ಫೋನಿಗೋ 'ಈ ಗುಂಪು, ಈ ಆ್ಯಪ್ ನಿಮ್ಮದೇ?' ಎಂದು ಕೇಳಬೇಕು. ಆ್ಯಪನ್ನೂ ವಾಟ್ಸ್‌ಆ್ಯಪ್ ಲಿಂಕಿನಿಂದಲ್ಲ, ಆ ಸಂಸ್ಥೆಯ ಜಾಲತಾಣದಲ್ಲಿರುವ ಕೊಂಡಿಯಿಂದಲೇ ಇಳಿಸಿಕೊಳ್ಳಬೇಕು. ಪ್ಲೇ ಸ್ಟೋರಿನಲ್ಲಿದೆ ಎಂಬುದೊಂದೇ ಸಾಲದು. ಅಲ್ಲಿಗೂ ನಕಲಿಗಳು ನುಸುಳಿದ ಉದಾಹರಣೆಗಳಿವೆ.

ಇದಕ್ಕಿಂತ ನೇರವಾದ ಪರೀಕ್ಷೆ ಹಣ ಹೋಗುವ ಖಾತೆಯದು. 2025ರ ಅಕ್ಟೋಬರ್ 1ರಿಂದ ಸೆಬಿ ನೋಂದಾಯಿತ ಬ್ರೋಕರ್ ಮತ್ತು ಮ್ಯೂಚುವಲ್ ಫಂಡ್‌ಗಳಿಗೆ ಪ್ರತ್ಯೇಕ ಯುಪಿಐ ಐಡಿಗಳನ್ನು ಜಾರಿಗೆ ತಂದಿದೆ. ಅವುಗಳಲ್ಲಿ `@valid` ಎಂಬುದರ ಜತೆ ಬ್ಯಾಂಕಿನ ಹೆಸರು ಇರುತ್ತದೆ, ಬ್ರೋಕರ್ ಆದರೆ ಅದರ ಹಿಂದೆ `.brk` ಎಂಬ ಗುರುತು. ಹಣ ಕಳಿಸುವಾಗ ಹಸಿರು ತ್ರಿಕೋನದೊಳಗೆ ಹೆಬ್ಬೆರಳೆತ್ತಿದ ಬಿಳಿ ಚಿತ್ರ ಕಾಣಿಸುತ್ತದೆ. ಯುಪಿಐ ಬಿಟ್ಟು ಬ್ಯಾಂಕ್ ಖಾತೆಗೆ ಕಳಿಸುವುದಾದರೆ 'ಸೆಬಿ ಚೆಕ್' ಎಂಬ ಸೌಲಭ್ಯವಿದೆ. ಸೆಬಿಯ ಜಾಲತಾಣದಲ್ಲೂ 'ಸಾರಥಿ' ಆ್ಯಪಿನಲ್ಲೂ ಸಿಗುತ್ತದೆ. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಹಾಕಿದರೆ ಅದು ನೋಂದಾಯಿತ ಸಂಸ್ಥೆಯ ಖಾತೆಯೋ ಅಲ್ಲವೋ ಎಂದು ಹೇಳುತ್ತದೆ. ಯಾವುದೋ ಗಾರ್ಮೆಂಟ್ಸ್ ಖಾತೆ ಇಲ್ಲಿ ಒಂದು ನಿಮಿಷವೂ ನಿಲ್ಲುವುದಿಲ್ಲ. ಇನ್ನು ಸಲಹೆಗಾರ, ವಿಶ್ಲೇಷಕ ಎಂದುಕೊಂಡು ಬರುವವರು ನೋಂದಾಯಿತರಾಗಿದ್ದರೂ ಪಡೆಯಬಹುದಾದದ್ದು ಶುಲ್ಕ ಮಾತ್ರ. ಷೇರು ಕೊಳ್ಳುವ ಹಣವನ್ನು ತಮ್ಮ ಖಾತೆಗೆ ಹಾಕಿಸಿಕೊಳ್ಳುವಂತಿಲ್ಲ, ಇಷ್ಟೇ ಲಾಭ ಎಂದು ಭರವಸೆ ಕೊಡುವಂತೆಯೂ ಇಲ್ಲ.

ಈ ಪರೀಕ್ಷೆಗಳಿಗೂ ಮಿತಿಯಿದೆ. ಖಾತೆ ನೋಂದಾಯಿತ ಬ್ರೋಕರ್‌ನದು ಎಂದಷ್ಟೇ ಅವು ಹೇಳುತ್ತವೆ, ಕೊಂಡ ಷೇರು ಏರುತ್ತದೋ ಇಳಿಯುತ್ತದೋ ಎಂದಲ್ಲ. ಅಸಲಿ ಬ್ರೋಕರ್ ಮೂಲಕವೇ ಕೊಂಡು, ಟೆಲಿಗ್ರಾಂ ಟಿಪ್ ನಂಬಿ ಕೈಸುಟ್ಟುಕೊಂಡವರೂ ಇದ್ದಾರೆ. ಟಿಪ್ ಕೊಡುವವರು ಮೊದಲೇ ಅಗ್ಗದ ಷೇರು ಕೊಂಡಿಟ್ಟು, ಜನ ಮುಗಿಬಿದ್ದಾಗ ಮಾರಿ ಜಾಗ ಖಾಲಿ ಮಾಡುವ ಆ ಆಟ ಬೇರೆಯದು.

ಮೇಷ್ಟ್ರ ಮಗಳು ಅಪ್ಪನನ್ನು ಬೈಯಲಿಲ್ಲ, 1930ಕ್ಕೆ ಫೋನ್ ಮಾಡಿಸಿದಳು. ಸೆಬಿಯ ದೂರು ವ್ಯವಸ್ಥೆಗೂ ವಿನಿಮಯ ಕೇಂದ್ರದ ಹೂಡಿಕೆದಾರರ ರಕ್ಷಣೆಗೂ ಇಲ್ಲಿ ದಾರಿಯಿಲ್ಲ, ಏಕೆಂದರೆ ನೋಂದಾಯಿತ ಬ್ರೋಕರ್ ಮೂಲಕ ಯಾವ ವಹಿವಾಟೂ ನಡೆದೇ ಇಲ್ಲ. ಇದು ನೇರ ಪೊಲೀಸ್ ಪ್ರಕರಣ. 1930ರವರು ಕೇಳುವುದು ಪ್ರತಿ ವರ್ಗಾವಣೆಯ ದಿನಾಂಕ, ಮೊತ್ತ, ಬ್ಯಾಂಕಿನ ವಹಿವಾಟು ಸಂಖ್ಯೆ. ಅದರ ಮೇಲೆ ಅವರು ಹಣ ತಲುಪಿದ ಬ್ಯಾಂಕಿಗೆ ತಿಳಿಸಿ ಆ ಖಾತೆಯಲ್ಲಿ ಉಳಿದದ್ದನ್ನು ತಡೆಹಿಡಿಸುತ್ತಾರೆ. ಹಣ ಒಂದು ಖಾತೆಯಲ್ಲಿ ಕೂರುವುದಿಲ್ಲ, ಗಂಟೆಗಳಲ್ಲೇ ಐದಾರು ಖಾತೆಗಳಿಗೆ ಹರಿದು ಹಂಚಿಹೋಗುತ್ತದೆ. ಅದೇ ದಿನ ದೂರು ಕೊಟ್ಟವರಿಗೆ ಒಂದಷ್ಟು ಸಿಕ್ಕೀತು. ಮೇಷ್ಟ್ರು 18,90,000 ಕಳಿಸಿ ಹನ್ನೊಂದು ದಿನವಾಗಿತ್ತು. ನಾಚಿಕೆಯಿಂದ ವಾಟ್ಸ್‌ಆ್ಯಪ್ ಗುಂಪನ್ನು ಅಳಿಸಿಹಾಕಲು ಹೊರಟಿದ್ದವರನ್ನು ಮಗಳೇ ತಡೆದು, ಸಂಭಾಷಣೆಯನ್ನೆಲ್ಲ ಇಳಿಸಿ ಇಟ್ಟಳು. `cybercrime.gov.in` ತಾಣದ ದೂರಿಗೆ ಅದೇ ಸಾಕ್ಷಿ.

ಮೂರು ವಾರದ ನಂತರ ಮೇಷ್ಟ್ರಿಗೆ ಒಂದು ಕರೆ ಬಂತು. ಸೈಬರ್ ರಿಕವರಿ ವಿಭಾಗದಿಂದಂತೆ. ಕಳೆದುಹೋದ 22,50,000 ಪತ್ತೆಯಾಗಿದೆ, ಬಿಡುಗಡೆಗೆ ಕಡತ ಶುಲ್ಕ 18,000. ಮೊತ್ತ ಕೂಡ ಸರಿಯಾಗಿ ಹೇಳಿದರು. ಒಮ್ಮೆ ಮೋಸಹೋದವರ ಪಟ್ಟಿಯೂ ಕೈಯಿಂದ ಕೈಗೆ ಮಾರಾಟವಾಗುತ್ತದೆ. ಮೇಷ್ಟ್ರು ಪೆನ್ನು ಕಾಗದ ತೆಗೆದುಕೊಂಡು, 'ಯಾವ ಖಾತೆಗೆ ಹಾಕಬೇಕು, ಹೆಸರು ಹೇಳಿ' ಎಂದರು. ಆ ಕಡೆಯಿಂದ ಒಂದು ಟ್ರೇಡರ್ಸ್ ಹೆಸರು ಬಂತು. ಅವರು ಅದನ್ನೂ ಖಾತೆ ಸಂಖ್ಯೆಯನ್ನೂ ನಿಧಾನಕ್ಕೆ ಬರೆದುಕೊಂಡರು, ಅಂಕಿ ಸರಿಯಿದೆಯೇ ಎಂದು ಇನ್ನೊಮ್ಮೆ ಓದಿಸಿಕೊಂಡರು, ಫೋನ್ ಇಟ್ಟು 1930ಕ್ಕೆ ಡಯಲ್ ಮಾಡಿದರು.